‘ಆಗಲ್ಲ’ ಎನ್ನಲು ದಾರಿ ಬಿಟ್ಟು ರೆಫರೆನ್ಸ್ ಕೇಳುವುದು

ಹೊಸ ಕೆಲಸದ ಅರ್ಜಿಯ ಕೊನೆಯ ಪುಟದಲ್ಲಿ ಸಾಮಾನ್ಯವಾಗಿ ಒಂದು ಚಿಕ್ಕ ಕೋಷ್ಟಕ ಇರುತ್ತದೆ. ನಿಮ್ಮ ಕೆಲಸ ಬಲ್ಲ ಇಬ್ಬರ ಹೆಸರು, ಹುದ್ದೆ, ಕಂಪನಿ, ಆಫೀಸಿನ ಇಮೇಲ್, ಮೊಬೈಲ್ ನಂಬರು, ಎಷ್ಟು ವರ್ಷದ ಪರಿಚಯ ಎಂಬುದನ್ನೆಲ್ಲ ಅದರಲ್ಲಿ ತುಂಬಬೇಕು. ಇಬ್ಬರಲ್ಲಿ ಒಬ್ಬರು ನಿಮ್ಮ ಮ್ಯಾನೇಜರ್ ಆಗಿದ್ದವರೇ ಇರಬೇಕು ಎಂದೂ ಹಲವು ಕಂಪನಿಗಳು ಕೇಳುತ್ತವೆ. ನಮ್ಮಲ್ಲಿ ಹೆಚ್ಚಿನವರು ಮೊದಲು ಹೆಸರು ಬರೆದುಬಿಡುತ್ತಾರೆ, ಆಮೇಲೆ ಫೋನ್ ಮಾಡುತ್ತಾರೆ. “ಸರ್, ನಿಮ್ಮ ಹೆಸರು ಕೊಟ್ಟಿದ್ದೀನಿ, ಯಾರಾದರೂ ಕೇಳಿದರೆ ಸ್ವಲ್ಪ ಒಳ್ಳೇದು ಹೇಳಿ.” ಆ ಕಡೆಯಿಂದ “ಅಯ್ಯೋ, ಅದಕ್ಕೇನಂತೆ” ಎಂಬ ಉತ್ತರ ಬರುತ್ತದೆ. ಹಾಗೆ ಕೇಳಿದಾಗ ಬೇರೆ ಉತ್ತರ ಬರಲು ಜಾಗವಾದರೂ ಎಲ್ಲಿದೆ?

ತೊಂದರೆ ಶುರುವಾಗುವುದು ಆಮೇಲೆ. ಮನಸ್ಸಿಲ್ಲದೆ ಒಪ್ಪಿಕೊಂಡ ಮ್ಯಾನೇಜರ್ ನಿಮ್ಮ ಬಗ್ಗೆ ಕೆಟ್ಟದ್ದೇನೂ ಹೇಳುವುದಿಲ್ಲ. ಮೊದಲೆರಡು ಕರೆಗಳನ್ನು ಎತ್ತುವುದಿಲ್ಲ. ಎತ್ತಿದಾಗ “ಹೌದು, ನಮ್ಮಲ್ಲಿದ್ದರು, ಪರವಾಗಿಲ್ಲ” ಎಂದು ಮುಗಿಸುತ್ತಾರೆ. “ಅವಕಾಶ ಇದ್ದರೆ ಇವರನ್ನು ಮತ್ತೆ ತೆಗೆದುಕೊಳ್ಳುತ್ತೀರಾ?” ಎಂಬುದು ರೆಫರೆನ್ಸ್ ಕರೆಗಳಲ್ಲಿ ಬಹುತೇಕ ತಪ್ಪದ ಪ್ರಶ್ನೆ. ಅದಕ್ಕೆ ಉತ್ತರಿಸುವ ಮೊದಲು ಅವರು ಒಂದು ಕ್ಷಣ ತಡೆಯುತ್ತಾರೆ, ಕೇಳುತ್ತಿರುವ ಎಚ್‌ಆರ್ ಆ ತಡೆಯನ್ನು ಗಮನಿಸುತ್ತಾರೆ. ಹೀಗೆ ಅರೆಮನಸ್ಸಿನ ಒಪ್ಪಿಗೆ ನಿಮ್ಮ ಅರ್ಜಿಗೆ ಮಾಡುವ ಹಾನಿಯನ್ನು ಮೊದಲ ದಿನವೇ ಬಂದ ಸ್ಪಷ್ಟ ‘ಆಗಲ್ಲ’ ಮಾಡುವುದಿಲ್ಲ. ‘ಆಗಲ್ಲ’ ಎಂದು ಗೊತ್ತಾದರೆ ಬೇರೊಬ್ಬರನ್ನು ಕೇಳಲು ಸಮಯ ಉಳಿಯುತ್ತದೆ. ಆದ್ದರಿಂದ ಎದುರಿನವರು ಸುಲಭವಾಗಿ ನಿರಾಕರಿಸುವಂತೆ ಕೇಳುವುದು ಸೌಜನ್ಯವೂ ಹೌದು, ನಮ್ಮದೇ ಕೆಲಸ ಉಳಿಸಿಕೊಳ್ಳುವ ದಾರಿಯೂ ಹೌದು.

ಒಂದು ಉದಾಹರಣೆ ಕಟ್ಟಿಕೊಂಡು ನೋಡೋಣ. ಬಳ್ಳಾರಿ ಕಡೆಯ ಹುಡುಗಿ, ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ವಿಶಾಖಪಟ್ಟಣದ ಹೊರಗೆ ಪರವಾಡದಲ್ಲಿರುವ ಫಾರ್ಮಾ ಸಿಟಿಯ ಒಂದು ಕಾರ್ಖಾನೆಯಲ್ಲಿ ನಾಲ್ಕು ವರ್ಷ ಕ್ಯೂಸಿ ಲ್ಯಾಬಿನಲ್ಲಿದ್ದಳು. ಗಾಜುವಾಕದಲ್ಲಿ ಬಾಡಿಗೆ ಮನೆ, ಕಂಪನಿ ಬಸ್ಸು, ಶಿಫ್ಟ್ ಲೆಕ್ಕದ ಕೆಲಸ. ಈಗ ಅಚ್ಯುತಾಪುರದ ಇನ್ನೊಂದು ಕಾರ್ಖಾನೆಯಲ್ಲಿದ್ದಾಳೆ, ಬೆಂಗಳೂರಿನ ಜಿಗಣಿಯ ಕಂಪನಿಯೊಂದಕ್ಕೆ ಅರ್ಜಿ ಹಾಕಿದ್ದಾಳೆ. ಕೆಲಸ ಬಿಡುವ ಸುದ್ದಿ ಈಗಿನ ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲವಾದ್ದರಿಂದ ಈಗಿನ ಮ್ಯಾನೇಜರನ್ನು ಕೇಳುವಂತಿಲ್ಲ. ಉಳಿದವರು ಪರವಾಡದ ಹಳೆಯ ಕ್ಯೂಸಿ ಮ್ಯಾನೇಜರ್. ಅವರೂ ಆ ಕಂಪನಿ ಬಿಟ್ಟಿದ್ದಾರೆ, ಈಗ ವಿಜಯವಾಡದಲ್ಲಿ ಔಷಧ ವಿತರಣೆಯ ಸಂಸ್ಥೆಯೊಂದರಲ್ಲಿ ಗುಣಮಟ್ಟದ ಜವಾಬ್ದಾರಿ ನೋಡಿಕೊಳ್ಳುತ್ತಿದ್ದಾರೆ. ಇಬ್ಬರ ನಡುವೆ ಮಾತುಕತೆ ಚೆನ್ನಾಗಿಯೇ ಇತ್ತು. ಆದರೆ ಒಮ್ಮೆ ಒಂದು ಬ್ಯಾಚಿನ ಫಲಿತಾಂಶ ಮಿತಿ ಮೀರಿ ಬಂದಾಗ ತನಿಖೆಯ ವರದಿ ಇವಳ ಕಡೆಯಿಂದ ತಡವಾಗಿತ್ತು, ಅವರು ಎಲ್ಲರ ಮುಂದೆ ಗದರಿದ್ದರು. ಅದು ಅವರಿಗೆ ಇನ್ನೂ ನೆನಪಿದೆಯೋ ಇಲ್ಲವೋ ಇವಳಿಗೆ ತಿಳಿಯದು.

ಮ್ಯಾನೇಜರ್ ಬೇಕಾಗಿರುವುದು ಯಾವುದಕ್ಕೆ

ಅವರಿಗೆ ಬರೆಯುವ ಮೊದಲು ಜಿಗಣಿಯ ಎಚ್‌ಆರ್‌ಗೆ ಒಂದು ಪ್ರಶ್ನೆ ಹಾಕಬೇಕು: ನಿಮಗೆ ಬೇಕಾಗಿರುವುದು ವೆರಿಫಿಕೇಶನ್ನೋ, ರೆಫರೆನ್ಸೋ? ಅರ್ಜಿ ಹಾಕುವವರು ಇವೆರಡನ್ನೂ ಒಂದೇ ಎಂದುಕೊಂಡು ಅನಗತ್ಯವಾಗಿ ಹಳಬರಿಗೆ ತೊಂದರೆ ಕೊಡುವುದು ತುಂಬಾ ಕಂಡಿದ್ದೇನೆ. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಇದ್ದರು, ಹುದ್ದೆ ಏನು, ಬಾಕಿ ಏನಾದರೂ ಇದೆಯೇ ಎಂದು ಪರಿಶೀಲಿಸುವುದು ವೆರಿಫಿಕೇಶನ್. ಅದಕ್ಕೆ ಉತ್ತರಿಸಬೇಕಾದವರು ಹಳೆಯ ಕಂಪನಿಯ ಎಚ್‌ಆರ್. ರಿಲೀವಿಂಗ್ ಲೆಟರ್, ಅನುಭವ ಪತ್ರ, ಸಂಬಳದ ಚೀಟಿ, ಸೇರಿದ ಮತ್ತು ಬಿಟ್ಟ ತಾರೀಕು ತೋರಿಸುವ ಪಿಎಫ್ ದಾಖಲೆ ಇದ್ದರೆ ಆ ಕೆಲಸ ಬಹುಪಾಲು ಮುಗಿಯುತ್ತದೆ. ಮ್ಯಾನೇಜರ್ ಅದರಲ್ಲಿ ಬರುವುದೇ ಇಲ್ಲ. ರೆಫರೆನ್ಸ್ ಎಂದರೆ ನಿಮ್ಮ ಕೆಲಸವನ್ನು ಕಣ್ಣಾರೆ ಕಂಡವರ ಅಭಿಪ್ರಾಯ. ಲ್ಯಾಬಿನಲ್ಲಿ ಕೈ ಹೇಗಿತ್ತು, ದಾಖಲೆ ಬರೆಯುವುದರಲ್ಲಿ ಪ್ರಾಮಾಣಿಕತೆ ಹೇಗಿತ್ತು, ಆಡಿಟ್ ಬಂದಾಗ ಹೇಗೆ ನಡೆದುಕೊಂಡರು ಎಂಬುದನ್ನು ಹೇಳಬಲ್ಲವರು ಮುಖ್ಯವಾಗಿ ಮ್ಯಾನೇಜರ್.

ಎಚ್‌ಆರ್ ಕೊಡುವ ಉತ್ತರದಲ್ಲಿ ಇನ್ನೂ ಮೂರು ವಿಷಯ ತಿಳಿದುಕೊಳ್ಳಬೇಕು. ಕರೆ ಮಾಡುವವರು ಕಂಪನಿಯವರೇ ಅಥವಾ ಹೊರಗಿನ ಏಜೆನ್ಸಿಯೇ? ಮಾತಿನಲ್ಲಿ ಮುಗಿಯುತ್ತದೆಯೇ, ಫಾರ್ಮ್ ತುಂಬಿ ಕಳಿಸಬೇಕೇ? ಆಫೀಸಿನ ಇಮೇಲ್ ಕಡ್ಡಾಯವೇ? ಈ ಕೊನೆಯದು ನಮ್ಮ ಉದಾಹರಣೆಗೆ ಮುಖ್ಯ. ಮ್ಯಾನೇಜರ್ ಪರವಾಡದ ಕಂಪನಿ ಬಿಟ್ಟಿರುವುದರಿಂದ ಆ ಕಂಪನಿಯ ಇಮೇಲ್ ಅವರಿಗಿಲ್ಲ. ವಿಜಯವಾಡದ ಆಫೀಸಿನ ಇಮೇಲಿನಿಂದ ಬೇರೆ ಕಂಪನಿಯ ಹಳೆಯ ಸಿಬ್ಬಂದಿಯ ಬಗ್ಗೆ ಬರೆದರೆ ಈಗಿನ ಸಂಸ್ಥೆಗೆ ಇಷ್ಟವಾಗದೆ ಇರಬಹುದು. ಸ್ವಂತ ಇಮೇಲ್ ಸಾಕೇ ಎಂಬುದನ್ನು ಮೊದಲೇ ಕೇಳಿ ತಿಳಿದುಕೊಂಡರೆ, ಮ್ಯಾನೇಜರ್‌ಗೆ ಬರೆಯುವಾಗ ಅವರ ಆ ಚಿಂತೆಯನ್ನು ಒಂದು ಸಾಲಿನಲ್ಲಿ ಇಳಿಸಬಹುದು.

ಅವರು ‘ಆಗಲ್ಲ’ ಎನ್ನಲು ಏನೇನು ಕಾರಣ ಇರಬಹುದು

ನಿರಾಕರಣೆಯನ್ನು ನಾವು ನಮ್ಮ ಮೇಲಿನ ತೀರ್ಪು ಎಂದುಕೊಳ್ಳುತ್ತೇವೆ. ಬಹಳ ಸಲ ಅದಕ್ಕೂ ನಮಗೂ ಸಂಬಂಧವೇ ಇರುವುದಿಲ್ಲ. ದೊಡ್ಡ ಕಂಪನಿಗಳಲ್ಲಿ, ಅದರಲ್ಲೂ ವಿದೇಶಿ ಮೂಲದವುಗಳಲ್ಲಿ, ಮ್ಯಾನೇಜರುಗಳು ಯಾರ ಬಗ್ಗೆಯೂ ವೈಯಕ್ತಿಕವಾಗಿ ರೆಫರೆನ್ಸ್ ಕೊಡಬಾರದು, ಕೇಳಿದವರನ್ನು ಎಚ್‌ಆರ್ ಕಡೆಗೆ ಕಳಿಸಬೇಕು ಎಂಬ ನಿಯಮ ಇರುವುದುಂಟು. ಇದರ ಹಿಂದೆ ಕಾನೂನಿನ ಭಯ ಇದೆ. 1994ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್, ‘ಸ್ಪ್ರಿಂಗ್ ವಿರುದ್ಧ ಗಾರ್ಡಿಯನ್ ಅಶ್ಯೂರೆನ್ಸ್’ ಎಂಬ ಮೊಕದ್ದಮೆಯಲ್ಲಿ, ರೆಫರೆನ್ಸ್ ಕೊಡುವ ಕಂಪನಿ ಎಚ್ಚರ ವಹಿಸದೆ ತಪ್ಪು ಚಿತ್ರ ಕೊಟ್ಟರೆ ಹಳೆಯ ಉದ್ಯೋಗಿಗೆ ಆದ ನಷ್ಟಕ್ಕೆ ಹೊಣೆಯಾಗಬಹುದು ಎಂದು ತೀರ್ಪು ಕೊಟ್ಟಿತು. ನಮ್ಮಲ್ಲಿ ಒಳ್ಳೆಯ ಉದ್ದೇಶದಿಂದ ಹೇಳಿದ ಮಾತಿಗೆ ಮಾನನಷ್ಟದ ಕಾನೂನಿನಲ್ಲಿ ರಕ್ಷಣೆ ಇದೆ. ಆದರೂ ತಾರೀಕು, ಹುದ್ದೆ ಬಿಟ್ಟು ಬೇರೇನೂ ಹೇಳದಿರುವುದೇ ಕ್ಷೇಮ ಎಂದುಕೊಳ್ಳುವ ಕಂಪನಿಗಳು ಸಾಕಷ್ಟಿವೆ.

ಬೇರೆ ಕಾರಣಗಳೂ ಇವೆ. ಮ್ಯಾನೇಜರ್ ತಾವೇ ಆ ಕಂಪನಿಯನ್ನು ಮನಸ್ತಾಪದಿಂದ ಬಿಟ್ಟಿರಬಹುದು, ಅಲ್ಲಿನ ಮಾತೇ ಬೇಡ ಎನಿಸಿರಬಹುದು. ಇಪ್ಪತ್ತು ಮೂವತ್ತು ಜನರ ಲ್ಯಾಬಿನಲ್ಲಿ ಇವಳ ಕೆಲಸದ ವಿವರ ಮರೆತುಹೋಗಿರಬಹುದು. ಮನೆಯಲ್ಲಿ ಯಾರಿಗೋ ಕಾಯಿಲೆ ಇರಬಹುದು. ಅಥವಾ ಆ ತಡವಾದ ವರದಿ ನಿಜವಾಗಿಯೂ ಅವರ ಮನಸ್ಸಿನಲ್ಲಿ ಉಳಿದಿರಬಹುದು, ಅದನ್ನು ಮುಚ್ಚಿಟ್ಟು ಹೊಗಳಲು ಅವರಿಗೆ ಒಪ್ಪಿಗೆಯಾಗದೆ ಇರಬಹುದು. ಈ ಕಾರಣಗಳಲ್ಲಿ ಕೆಲವನ್ನು ಹೇಳಬಹುದು, ಕೆಲವನ್ನು ಬಾಯಿಬಿಟ್ಟು ಹೇಳಲಾಗದು. ಹೇಳಲಾಗದ ಕಾರಣ ಇರುವವರೂ ಕಾರಣ ಕೊಡದೆಯೇ ಹಿಂದೆ ಸರಿಯುವಂತಿರಬೇಕು. ಕೇಳುವ ರೀತಿಯನ್ನು ರೂಪಿಸುವಾಗ ಗಮನದಲ್ಲಿ ಇಟ್ಟುಕೊಳ್ಳಬೇಕಾದ್ದು ಇದನ್ನೇ.

ಬಲವಂತ ಇಲ್ಲ ಅಂದರೆ ಸಾಲದು

ಇಲ್ಲಿ ಎಲ್ಲರೂ ಬಳಸುವ ಒಂದು ಸುಲಭದ ಸಾಲು ಇದೆ: “ಏನೂ ಬಲವಂತ ಇಲ್ಲ ಸರ್, ನಿಮಗೆ ಬಿಟ್ಟಿದ್ದು.” ಇದನ್ನು ಸೇರಿಸಿದರೆ ಎದುರಿನವರಿಗೆ ನಿರಾಕರಿಸಲು ಸುಲಭವಾಯಿತು ಎಂದು ನಾವು ನಂಬುತ್ತೇವೆ. ಮನಶ್ಶಾಸ್ತ್ರದ ಪ್ರಯೋಗಗಳು ಹೇಳುವುದು ಬೇರೆ. ನಿಕೊಲಾ ಗೆಗೆನ್ ಮತ್ತು ಅಲೆಕ್ಸಾಂಡರ್ ಪಾಸ್ಕುವಲ್ ಎಂಬ ಫ್ರೆಂಚ್ ಸಂಶೋಧಕರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಪರಿಚಿತರನ್ನು ಬಸ್ಸಿಗೆ ಚಿಲ್ಲರೆ ಕೇಳಲಾಯಿತು. ಕೆಲವರಿಗೆ ಕೇಳುವಾಗ “ಕೊಡುವುದು ಬಿಡುವುದು ನಿಮ್ಮಿಷ್ಟ” ಎಂದು ಸೇರಿಸಲಾಯಿತು. ಹಾಗೆ ಸೇರಿಸಿದಾಗ ಕೊಟ್ಟವರ ಸಂಖ್ಯೆ ಹಲವು ಪಟ್ಟು ಹೆಚ್ಚಿತು. ಅಂದರೆ ಆ ಸಾಲು ಕೇಳುವವರ ಪರವಾಗಿಯೇ ಕೆಲಸ ಮಾಡುತ್ತದೆ! ನಿಜವಾಗಿಯೂ ನಿರಾಕರಿಸಲು ಅವಕಾಶ ಕೊಡಬೇಕೆಂದಿದ್ದರೆ ಆ ಸಾಲಿನ ಮೇಲೆ ಭಾರ ಹಾಕಿ ಕೂರುವಂತಿಲ್ಲ.

ಇನ್ನೊಂದು ಸಂಗತಿಯೂ ಇದೆ. ಫ್ರಾನ್ಸಿಸ್ ಫ್ಲಿನ್ ಮತ್ತು ವನೆಸಾ ಲೇಕ್ 2008ರಲ್ಲಿ ತೋರಿಸಿದಂತೆ, ಸಹಾಯ ಕೇಳುವವರಿಗೆ ಎದುರಿನವರ ಸಂಕೋಚ ಸರಿಯಾಗಿ ಅಂದಾಜಿಗೆ ಸಿಗುವುದಿಲ್ಲ. ‘ಆಗಲ್ಲ’ ಎನ್ನುವುದು ಅವರಿಗೆ ಎಷ್ಟು ಕಷ್ಟ ಎಂಬುದನ್ನು ನಾವು ಕಡಿಮೆ ಎಣಿಸುತ್ತೇವೆ. ಅದೇ ಲೇಕ್, ಮುಂದೆ ವನೆಸಾ ಬಾನ್ಸ್ ಎಂಬ ಹೆಸರಿನಲ್ಲಿ, 2017ರಲ್ಲಿ ಮೆಹದಿ ರೊಘಾನಿಜಾದ್ ಜೊತೆ ಪ್ರಕಟಿಸಿದ ಅಧ್ಯಯನದಲ್ಲಿ ಎದುರು ನಿಂತು ಕೇಳಿದ್ದಕ್ಕೆ ಒಪ್ಪುವವರು ಇಮೇಲಿನಲ್ಲಿ ಕೇಳಿದ್ದಕ್ಕೆ ಒಪ್ಪುವವರಿಗಿಂತ ಬಹಳ ಹೆಚ್ಚು ಎಂದು ಕಂಡುಬಂತು. ಚಂದಾ ಎತ್ತುವವರು ಇದರಿಂದ ಕಲಿಯುವ ಪಾಠ ‘ಎದುರಿಗೆ ಹೋಗಿ ಕೇಳಿ’ ಎಂಬುದು. ರೆಫರೆನ್ಸ್ ಕೇಳುವವರು ಕಲಿಯಬೇಕಾದ್ದು ಅದಕ್ಕೆ ಸರಿಯಾಗಿ ವಿರುದ್ಧವಾದದ್ದು. ಮುಖ ನೋಡಿ ಒಪ್ಪಿಕೊಂಡದ್ದು ಮೂರು ವಾರದ ನಂತರ, ಅಪರಿಚಿತ ನಂಬರಿನಿಂದ ಬಂದ ಕರೆಯಲ್ಲಿ ಉಳಿಯುವುದಿಲ್ಲ.

ಆದ್ದರಿಂದ ನಮ್ಮ ಹುಡುಗಿ ರತ್ನಾಚಲ್ ಎಕ್ಸ್‌ಪ್ರೆಸ್ ಹತ್ತಿ ವಿಜಯವಾಡಕ್ಕೆ ಹೋಗಬಾರದು. ಸುಮಾರು 350 ಕಿಲೋಮೀಟರ್ ಪ್ರಯಾಣ ಮಾಡಿ, ಕೈಯಲ್ಲಿ ಮಾಡುಗುಲ ಹಲ್ವದ ಡಬ್ಬಿ ಹಿಡಿದು ಬೆಂಜ್ ಸರ್ಕಲ್ ಹತ್ತಿರದ ಮನೆಯ ಬಾಗಿಲಲ್ಲಿ ನಿಂತ ಹಳೆಯ ಸಹೋದ್ಯೋಗಿಗೆ ಯಾವ ಮ್ಯಾನೇಜರ್ ತಾನೆ ಇಲ್ಲ ಎಂದಾರು? ಹೆಂಡತಿ ಕಾಫಿ ತಂದಿಟ್ಟಿರುತ್ತಾರೆ, ಊಟ ಮಾಡಿಕೊಂಡೇ ಹೋಗಬೇಕು ಎಂದಿರುತ್ತಾರೆ. ಹಲ್ವ, ಪೂತರೇಕು, ಹಬ್ಬದ ಶುಭಾಶಯದ ನೆಪ, ಇವೆಲ್ಲ ಕೇಳುವ ಮೊದಲು ಬಂದರೆ ಹೊರೆಯಾಗುತ್ತವೆ. ಕೆಲಸ ಮುಗಿದ ಮೇಲೆ ಬಂದರೆ ಪ್ರೀತಿಯಾಗುತ್ತವೆ. ಇಬ್ಬರಿಗೂ ಪರಿಚಯವಿರುವ ಮೂರನೆಯವರಿಂದ ಹೇಳಿಸುವುದೂ ಬೇಡ. ಆಗ ಮ್ಯಾನೇಜರ್ ಒಬ್ಬರಿಗಲ್ಲ, ಇಬ್ಬರಿಗೆ ‘ಆಗಲ್ಲ’ ಎನ್ನಬೇಕಾಗುತ್ತದೆ.

ಫೋನೂ ಬೇಡ. ಬರೆದೇ ಕೇಳಬೇಕು. ವಾಟ್ಸ್‌ಆ್ಯಪ್ ಸಾಕು, ಇಲ್ಲವೇ ಅವರ ಸ್ವಂತ ಇಮೇಲ್. ಈಗಿನ ಆಫೀಸಿನ ಇಮೇಲಿಗೆ ಕಳಿಸಬಾರದು, ಅದನ್ನು ಬೇರೆಯವರೂ ಓದುವ ಸಾಧ್ಯತೆ ಇರುತ್ತದೆ. ಸಂಕ್ರಾಂತಿಯ ವಾರ ಬಿಡಿ. ಆಂಧ್ರದಲ್ಲಿ ಆ ದಿನಗಳಲ್ಲಿ ಜನ ಊರಿಗೆ ಹೋಗಿರುತ್ತಾರೆ, ಕೆಲಸದ ಮಾತು ಯಾರಿಗೂ ಬೇಡ. ದಸರೆಯ ಒಂಬತ್ತು ದಿನ ಇಂದ್ರಕೀಲಾದ್ರಿಯ ಜನಜಂಗುಳಿಯಲ್ಲಿ ವಿಜಯವಾಡ ಬೇರೆಯೇ ಊರಾಗಿರುತ್ತದೆ. ಅವರ ಕಡೆ ಆಡಿಟ್ ನಡೆಯುತ್ತಿದೆ ಎಂದು ಗೊತ್ತಿದ್ದರೆ ಅದು ಮುಗಿಯುವವರೆಗೆ ಕಾಯಿರಿ.

ಪತ್ರ

ಕೇಳುವ ಮೊದಲು ಒಂದು ಕೆಲಸ ಮುಗಿಸಿರಬೇಕು. ಬೇರೆ ಹೆಸರುಗಳನ್ನು ಗಟ್ಟಿ ಮಾಡಿಕೊಂಡಿರಬೇಕು. “ನನಗೆ ಬೇರೆಯವರೂ ಇದ್ದಾರೆ” ಎಂಬ ಮಾತು ನಿಜವಾಗಿದ್ದರೆ ಮಾತ್ರ ಎದುರಿನವರಿಗೆ ನೆಮ್ಮದಿ. ನಮ್ಮ ಹುಡುಗಿಗೆ ಪರವಾಡದಲ್ಲಿ ಅದೇ ಲ್ಯಾಬಿನ ದಾಖಲೆಗಳನ್ನು ಪರಿಶೀಲಿಸುತ್ತಿದ್ದ ಕ್ಯೂಎ ವಿಭಾಗದ ಹಿರಿಯರೊಬ್ಬರು ಗೊತ್ತು. ಅವರು ಇವಳ ಮ್ಯಾನೇಜರ್ ಅಲ್ಲ, ಆದರೆ ಇವಳು ಬರೆದದ್ದನ್ನು ದಿನವೂ ಓದಿದವರು. ಅವರನ್ನೂ ಇನ್ನೊಬ್ಬರನ್ನೂ ಮೊದಲು ಕೇಳಿ ಒಪ್ಪಿಗೆ ಪಡೆದ ಮೇಲೆ ವಿಜಯವಾಡಕ್ಕೆ ಬರೆಯುತ್ತಾಳೆ. ಅವಳು ಬರೆಯುವುದು ಇಂಗ್ಲಿಷಿನಲ್ಲೋ ತೆಲುಗಿನಲ್ಲೋ ಇರುತ್ತದೆ. ಕನ್ನಡದಲ್ಲಿ ಅದು ಸುಮಾರು ಹೀಗಿರುತ್ತದೆ:

“ನಮಸ್ಕಾರ ಸರ್. ಪರವಾಡದ ಕ್ಯೂಸಿ ಲ್ಯಾಬಿನಲ್ಲಿ ನಾಲ್ಕು ವರ್ಷ ನಿಮ್ಮ ಕೈಕೆಳಗೆ ಇದ್ದೆ, ಎಚ್‌ಪಿಎಲ್‌ಸಿ ವಿಭಾಗ. ಬೆಂಗಳೂರಿನ ಒಂದು ಕಂಪನಿಯಲ್ಲಿ ಸೀನಿಯರ್ ಅನಲಿಸ್ಟ್ ಕೆಲಸದ ಆಯ್ಕೆಯಲ್ಲಿ ಕೊನೆಯ ಹಂತಕ್ಕೆ ಬಂದಿದ್ದೇನೆ. ಅವರು ಇಬ್ಬರ ರೆಫರೆನ್ಸ್ ಕೇಳಿದ್ದಾರೆ. ಒಂದು ಫೋನ್ ಕರೆ, ಸುಮಾರು ಹದಿನೈದು ನಿಮಿಷ, ಮುಂದಿನ ಎರಡು ವಾರದೊಳಗೆ. ಬರವಣಿಗೆ ಏನೂ ಇಲ್ಲ, ಆಫೀಸಿನ ಇಮೇಲೂ ಬೇಕಿಲ್ಲ. ನನ್ನ ಕೆಲಸದ ಬಗ್ಗೆ ವಿವರವಾಗಿ, ಒಳ್ಳೆಯ ಅಭಿಪ್ರಾಯದಿಂದ ಮಾತಾಡಲು ನಿಮಗೆ ಅನುಕೂಲವಿದ್ದರೆ ಮಾತ್ರ ನಿಮ್ಮ ಹೆಸರು ಕೊಡಬೇಕೆಂದಿದ್ದೇನೆ. ಹಲವು ಕಂಪನಿಗಳಲ್ಲಿ ಇದಕ್ಕೆ ಅನುಮತಿ ಇರುವುದಿಲ್ಲ ಎಂದು ಗೊತ್ತು. ನೆನಪು ಮಸುಕಾಗಿರಬಹುದು, ಸಮಯ ಇಲ್ಲದಿರಬಹುದು. ಯಾವ ಕಾರಣಕ್ಕೇ ಆಗಲಿ ಬೇಡ ಎನಿಸಿದರೆ ‘ಈಗ ಆಗಲ್ಲ’ ಎಂದು ಎರಡು ಪದ ಸಾಕು, ಕಾರಣ ಹೇಳಬೇಕಾಗಿಲ್ಲ. ಕ್ಯೂಎ ವಿಭಾಗದ ಒಬ್ಬರು ಮತ್ತು ಇನ್ನೊಬ್ಬರು ಒಪ್ಪಿದ್ದಾರೆ, ನನ್ನ ಅರ್ಜಿಗೆ ತೊಂದರೆ ಆಗುವುದಿಲ್ಲ. ಬರುವ ಗುರುವಾರ ಸಂಜೆಯೊಳಗೆ ನಿಮ್ಮ ಉತ್ತರ ಬರದಿದ್ದರೆ ಅನುಕೂಲವಿಲ್ಲ ಎಂದು ತಿಳಿದು ಅವರ ಹೆಸರನ್ನೇ ಕೊಡುತ್ತೇನೆ. ಮತ್ತೆ ನೆನಪಿಸುವುದಿಲ್ಲ.”

ಇದರಲ್ಲಿ ಕೆಲಸ ಮಾಡುತ್ತಿರುವುದು ಯಾವುದು ಎಂದು ನೋಡಿ. ‘ವಿವರವಾಗಿ, ಒಳ್ಳೆಯ ಅಭಿಪ್ರಾಯದಿಂದ’ ಎಂಬುದು ಮುಖ್ಯ. “ರೆಫರೆನ್ಸ್ ಕೊಡ್ತೀರಾ?” ಎಂದು ಕೇಳಿದರೆ ಅರೆಮನಸ್ಸಿನವರೂ ಹೂಂ ಅನ್ನುತ್ತಾರೆ, ಏಕೆಂದರೆ ಏನೋ ಒಂದು ಹೇಳುವುದು ಯಾರಿಗಾದರೂ ಸಾಧ್ಯ. ವಿವರವಾಗಿ ಒಳ್ಳೆಯದನ್ನು ಹೇಳಲು ಆಗುತ್ತದೆಯೇ ಎಂದಾಗ ಪ್ರಶ್ನೆಯ ಮಟ್ಟ ಏರುತ್ತದೆ. ತಡವಾದ ವರದಿ ಮನಸ್ಸಿನಲ್ಲಿರುವವರು ಸುಳ್ಳು ಹೇಳದೆ ಅಲ್ಲೇ ನಿಲ್ಲಬಹುದು. ಎರಡನೆಯದು, ಕಾರಣಗಳನ್ನು ಇವಳೇ ಮುಂದಿಟ್ಟಿರುವುದು. ಕಂಪನಿಯ ನಿಯಮ, ಮರೆವು, ಸಮಯ, ಇವುಗಳಲ್ಲಿ ಒಂದನ್ನು ಎತ್ತಿಕೊಂಡು ಹೇಳಬಹುದು, ಯಾವುದನ್ನೂ ಎತ್ತಿಕೊಳ್ಳದೆಯೂ ಇರಬಹುದು. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ಮೌನವೇ ನಿರಾಕರಣೆ ಎಂದು ಮೊದಲೇ ಒಪ್ಪಂದವಾಗಿದೆ. ಅವರು ಏನನ್ನೂ ಬರೆಯಬೇಕಾಗಿಲ್ಲ. ನಮ್ಮ ಜನರಿಗೆ ‘ಇಲ್ಲ’ ಎಂದು ಟೈಪು ಮಾಡುವುದೂ ಕಷ್ಟವೇ. ಮೌನಕ್ಕೊಂದು ಅರ್ಥ ಕೊಟ್ಟುಬಿಟ್ಟರೆ ಆ ಕಷ್ಟ ಉಳಿಯುವುದಿಲ್ಲ. ಆದರೆ ಮಾತು ಉಳಿಸಿಕೊಳ್ಳಬೇಕು. ಗುರುವಾರ ರಾತ್ರಿ “ಸರ್, ನೋಡಿದ್ರಾ?” ಎಂದು ಕಳಿಸಿದರೆ ಪತ್ರ ಬರೆದದ್ದೇ ವ್ಯರ್ಥ. ನೀಲಿ ಟಿಕ್ ಬಂದಿದೆ ಎಂಬುದನ್ನು ಎಲ್ಲೂ ಎತ್ತಬಾರದು.

ಪತ್ರದಲ್ಲಿ ಇಲ್ಲದಿರುವುದನ್ನೂ ಗಮನಿಸಿ. “ನಿಮ್ಮನ್ನೇ ನಂಬಿದ್ದೀನಿ”, “ನೀವು ಹೇಳಿದರೆ ಮಾತ್ರ ಆಗುತ್ತೆ”, “ನನಗೆ ಈ ಕೆಲಸ ತುಂಬಾ ಮುಖ್ಯ, ಊರಿಗೆ ಹತ್ತಿರ ಆಗ್ಬೇಕು, ಅಪ್ಪನಿಗೆ ಹುಷಾರಿಲ್ಲ” ಇಂಥವು ನಿಜವೇ ಇರಬಹುದು. ಬರೆದರೆ ನಿರಾಕರಣೆಯ ಬೆಲೆ ಏರುತ್ತದೆ. ರೆಸ್ಯುಮೆ ಕೂಡ ಈ ಹಂತದಲ್ಲಿ ಲಗತ್ತಿಸಬಾರದು. ಕಡತ ಬಂದರೆ ಕೆಲಸ ಆಗಲೇ ಶುರುವಾಯಿತು, ಇನ್ನು ತಪ್ಪಿಸಿಕೊಳ್ಳುವಂತಿಲ್ಲ ಎನ್ನಿಸುತ್ತದೆ.

ಅವಧಿಯ ವಿಷಯ. ಒಂದು ದಿನ ಕೊಟ್ಟರೆ ಒತ್ತಡ, ಒಂದು ತಿಂಗಳು ಕೊಟ್ಟರೆ ಮರೆವು. ನಾಲ್ಕೈದು ಕೆಲಸದ ದಿನ ಸರಿಯಾದ ಅಳತೆ. ಅಷ್ಟು ಸಮಯ ಸಿಗಬೇಕಾದರೆ ಕೊನೆಯ ಸಂದರ್ಶನ ಮುಗಿದ ಕೂಡಲೇ ಕೇಳಬೇಕು, ಎಚ್‌ಆರ್ “ನಾಳೆಯೊಳಗೆ ಕೊಡಿ” ಎನ್ನುವವರೆಗೆ ಕಾಯಬಾರದು. ಅರ್ಜಿಯ ಆರಂಭದಲ್ಲೇ ರೆಫರೆನ್ಸ್ ಕೋಷ್ಟಕ ಬಂದರೆ ‘ಆಯ್ಕೆಯ ನಂತರ ಕೊಡುತ್ತೇನೆ’ ಎಂದು ಬರೆಯಬಹುದು. ಬಹುತೇಕ ಕಂಪನಿಗಳು ಅದನ್ನು ಒಪ್ಪುತ್ತವೆ. ವಿದೇಶದ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕುವವರು ಇನ್ನೂ ಎಚ್ಚರವಾಗಿರಬೇಕು. ಅನೇಕ ಅರ್ಜಿಗಳಲ್ಲಿ ಮ್ಯಾನೇಜರ್ ಇಮೇಲ್ ತುಂಬಿ ಮುಂದಿನ ಗುಂಡಿ ಒತ್ತಿದರೆ ಶಿಫಾರಸು ಪತ್ರ ಕೇಳುವ ಇಮೇಲ್ ಅವರಿಗೆ ತಾನಾಗಿ ಹೋಗಿಬಿಡುತ್ತದೆ. ಕೇಳುವ ಮೊದಲು ಆ ಪುಟ ಮುಟ್ಟಬಾರದು.

ಬಂದ ಉತ್ತರ

ಗುರುವಾರದೊಳಗೆ ಬರುವ ಉತ್ತರದಲ್ಲಿ ನೋಡಬೇಕಾದ್ದು ವಿವರ. “ಖಂಡಿತ ಕೊಡು, ಸಂಜೆ ಆರರ ಮೇಲೆ ಕರೆ ಮಾಡಲಿ, ಆ ಆಡಿಟ್ ಸಮಯದ ಕೆಲಸದ ಬಗ್ಗೆ ಹೇಳ್ತೀನಿ” ಎಂದರೆ ಅದು ಒಪ್ಪಿಗೆ. ಅವರು ಆಗಲೇ ಏನು ಹೇಳಬೇಕೆಂದು ಯೋಚಿಸುತ್ತಿದ್ದಾರೆ. “ಸರಿ ಕೊಡು”, “ನೋಡೋಣ”, “ಚೂದ್ದಾಂ ಅಮ್ಮಾ”, ಅಥವಾ ಬರೀ ಒಂದು ಹೆಬ್ಬೆರಳಿನ ಚಿತ್ರ ಬಂದರೆ ಅದು ಅರೆಮನಸ್ಸು ಇರಬಹುದು, ಅವಸರವೂ ಇರಬಹುದು. ಹೊರಗಿನಿಂದ ಹೇಳಲಾಗದು. ಆಗ ಒಮ್ಮೆ, ಒಂದೇ ಒಮ್ಮೆ, ಬಾಗಿಲನ್ನು ಇನ್ನಷ್ಟು ಅಗಲ ಮಾಡಬೇಕು: “ಧನ್ಯವಾದ ಸರ್. ನಿಮಗೆ ಈಗ ಕೆಲಸ ಹೆಚ್ಚಿರಬಹುದು, ಸದ್ಯಕ್ಕೆ ಕ್ಯೂಎಯವರ ಹೆಸರು ಕೊಡುತ್ತೇನೆ. ನೀವೇ ಮಾತಾಡುವುದು ಸರಿ ಎನಿಸಿದರೆ ತಿಳಿಸಿ, ಸೇರಿಸುತ್ತೇನೆ.” ನಿಜವಾಗಿ ಮನಸ್ಸಿದ್ದವರು “ಬೇಡ ಬೇಡ, ನನ್ನ ಹೆಸರೇ ಕೊಡು” ಎಂದು ಕೂಡಲೇ ಬರೆಯುತ್ತಾರೆ. ಇಲ್ಲದವರು ನಿಟ್ಟುಸಿರು ಬಿಡುತ್ತಾರೆ, ಸಂಬಂಧ ಹಾಗೆಯೇ ಉಳಿಯುತ್ತದೆ.

“ಕೊಡ್ತೀನಿ, ಆದರೆ ಆ ವರದಿಯ ವಿಷಯ ಕೇಳಿದರೆ ಇದ್ದದ್ದನ್ನು ಹೇಳಬೇಕಾಗುತ್ತೆ” ಎಂಬ ಉತ್ತರವೂ ಬರಬಹುದು. ನನ್ನ ಅಭಿಪ್ರಾಯದಲ್ಲಿ ಇದು ಸಿಗಬಹುದಾದ ಒಳ್ಳೆಯ ಉತ್ತರಗಳಲ್ಲಿ ಒಂದು. ಅಂಥವರು ನಿಮ್ಮ ಗುಣವನ್ನೂ ಅಷ್ಟೇ ಖಚಿತವಾಗಿ ಹೇಳುತ್ತಾರೆ. ಒಂದು ದೋಷವನ್ನೂ ಹೇಳದ ರೆಫರೆನ್ಸನ್ನು ಕೇಳುವವರು ಪೂರ್ತಿ ನಂಬುವುದಿಲ್ಲ. ಆ ಘಟನೆಯ ನಂತರ ಇವಳು ವರದಿಗಳನ್ನು ಸಮಯಕ್ಕೆ ಮುಗಿಸಿದ್ದು ನಿಜವಾದರೆ, ಹಾಗೆಂದು ಅವರಿಗೆ ಒಂದು ಸಾಲಿನಲ್ಲಿ ನೆನಪಿಸಬಹುದು. ಸಂದರ್ಶನದಲ್ಲಿ ತಾನೂ ಆ ವಿಷಯ ಮುಚ್ಚಿಡದೆ ಹೇಳಿರುವುದು ಕ್ಷೇಮ. ಇಬ್ಬರ ಮಾತೂ ಹೊಂದುತ್ತದೆ.

ಒಪ್ಪಿಗೆ ಸಿಕ್ಕ ಮೇಲೆ ಎರಡನೆಯ ಸಂದೇಶ. ಈಗ ರೆಸ್ಯುಮೆ ಕಳಿಸಬಹುದು, ಆದರೆ ಅದಕ್ಕಿಂತ ಹೆಚ್ಚು ಉಪಯೋಗವಾಗುವುದು ಫೋನಿನ ಪರದೆಯಲ್ಲಿ ಒಂದೇ ನೋಟಕ್ಕೆ ಸಿಗುವ ಆರೇಳು ಸಾಲು. ಸೇರಿದ ತಿಂಗಳು, ಬಿಟ್ಟ ತಿಂಗಳು, ಆಗಿನ ಹುದ್ದೆ, ಬಿಟ್ಟ ಕಾರಣವಾಗಿ ಎಚ್‌ಆರ್‌ಗೆ ತಾನು ಏನು ಹೇಳಿದ್ದೇನೆ, ಹೊಸ ಹುದ್ದೆಯಲ್ಲಿ ಏನು ಕೆಲಸ, ಅವರು ಕಂಡಿದ್ದ ಎರಡು ಕೆಲಸಗಳ ನೆನಪು. ಬಿಟ್ಟ ಕಾರಣ ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಇಬ್ಬರು ಎರಡು ಕಾರಣ ಹೇಳಿದರೆ ಎಚ್‌ಆರ್ ಅಲ್ಲೇ ನಿಲ್ಲುತ್ತಾರೆ. ಅವರು ಏನು ಹೇಳಬೇಕೆಂದು ಬರೆದುಕೊಡಬಾರದು. ಅವರಿಗೆ ನೆನಪು ಬೇಕು, ಪಾಠ ಬೇಡ. ಕರೆ ಯಾರಿಂದ ಬರುತ್ತದೆ ಎಂಬುದನ್ನೂ ತಿಳಿಸಿ. ಏಜೆನ್ಸಿಯವರ ಕರೆ ಅಪರಿಚಿತ ನಂಬರಿನಿಂದ ಬರುತ್ತದೆ, ಫೋನಿನಲ್ಲಿ ಮೋಸ ಹೋದವರ ಸುದ್ದಿ ಓದಿ ಓದಿ ಜನ ಅಂಥ ಕರೆ ಎತ್ತುವುದಿಲ್ಲ. ಏಜೆನ್ಸಿಯ ಹೆಸರು, ಕರೆ ಬರುವ ವಾರ ಹೇಳಿದರೆ ಸಾಕು. ಆ ಸಂದೇಶದ ಕೊನೆಗೆ “ನಡುವೆ ಏನಾದರೂ ಅನನುಕೂಲ ಆದರೆ ಹೇಳಿ, ಹೆಸರು ಬದಲಿಸುತ್ತೇನೆ” ಎಂದು ಸೇರಿಸಿ. ಒಪ್ಪಿದ ಮೇಲೂ ಹಿಂದೆ ಸರಿಯಲು ಅವಕಾಶ ಇರಲಿ.

‘ಆಗಲ್ಲ’ ಬಂದರೆ, ಅಥವಾ ಗುರುವಾರ ಕಳೆದರೂ ಉತ್ತರ ಬರದಿದ್ದರೆ

ಅವರು ‘ಆಗಲ್ಲ’ ಎಂದು ಬರೆದಿದ್ದರೆ ಉತ್ತರ ಎರಡೇ ಸಾಲು: “ತಿಳಿಸಿದ್ದಕ್ಕೆ ಧನ್ಯವಾದ ಸರ್, ನನಗೆ ಸಹಾಯವೇ ಆಯಿತು. ವಿಜಯವಾಡದಲ್ಲಿ ಎಲ್ಲ ಚೆನ್ನಾಗಿದೆ ಅಂದುಕೊಂಡಿದ್ದೇನೆ.” ಏಕೆ ಎಂದು ಕೇಳಬಾರದು, “ಪರವಾಗಿಲ್ಲ ಬಿಡಿ” ಎಂಬ ನೋವಿನ ಛಾಯೆಯೂ ಬೇಡ. ಮೌನ ಇದ್ದರೆ ಏನೂ ಕಳಿಸದೆ ಇರುವುದೇ ಸರಿ. ಮುಂದಿನ ಯುಗಾದಿಗೆ ಎಂದಿನಂತೆ ಶುಭಾಶಯ ಕಳಿಸಿ. ಈ ಪ್ರಸಂಗ ನಡೆದೇ ಇಲ್ಲ ಎಂಬಂತಿರಲಿ.

ಆದರೆ ಎಚ್‌ಆರ್ “ಮ್ಯಾನೇಜರೇ ಬೇಕು” ಎಂದು ಪಟ್ಟು ಹಿಡಿದರೆ? ನೇರವಾಗಿ ಹೇಳಿ: “ನನ್ನ ಹಿಂದಿನ ಮ್ಯಾನೇಜರ್ ಕಂಪನಿ ಬಿಟ್ಟಿದ್ದಾರೆ, ಈಗ ರೆಫರೆನ್ಸ್ ಕೊಡುವ ಸ್ಥಿತಿಯಲ್ಲಿಲ್ಲ. ಸೇವಾ ಅವಧಿಗೆ ಹಳೆಯ ಕಂಪನಿಯ ಎಚ್‌ಆರ್ ಇದ್ದಾರೆ. ಕೆಲಸದ ಗುಣಮಟ್ಟಕ್ಕೆ ಕ್ಯೂಎ ವಿಭಾಗದ ಹಿರಿಯರು ಮಾತಾಡುತ್ತಾರೆ.” ನೇಮಕಾತಿಯಲ್ಲಿ ಇರುವವರಿಗೆ ಇದು ಹೊಸದಲ್ಲ. ಮ್ಯಾನೇಜರುಗಳು ಕೆಲಸ ಬದಲಿಸುತ್ತಾರೆ, ನಿಯಮಗಳಿಗೆ ಕಟ್ಟುಬಿದ್ದಿರುತ್ತಾರೆ ಎಂದು ಅವರಿಗೆ ಗೊತ್ತು. ಅದಕ್ಕಿಂತ ಮೊದಲು ಕೆಲಸ ಮಾಡಿದ ಕಂಪನಿಯ ಮ್ಯಾನೇಜರ್, ಆ ಮ್ಯಾನೇಜರ್‌ಗೂ ಮೇಲಿದ್ದವರು, ಹೊರಗಿನಿಂದ ಬಂದು ಜೊತೆಯಲ್ಲಿ ಕೆಲಸ ಮಾಡಿದ ಗ್ರಾಹಕ ಕಂಪನಿಯವರು, ಇವರೂ ಆಗಬಹುದು. ಸಹೋದ್ಯೋಗಿ ಗೆಳೆಯನನ್ನು ಮ್ಯಾನೇಜರ್ ಎಂದು ತೋರಿಸುವುದು ಮಾತ್ರ ಎಂದಿಗೂ ಬೇಡ. ಹುದ್ದೆಯನ್ನು ಹಳೆಯ ಕಂಪನಿಯ ಎಚ್‌ಆರ್‌ನಲ್ಲಿ ಒಂದು ಕರೆಯಲ್ಲಿ ಖಚಿತಪಡಿಸಿಕೊಳ್ಳಬಹುದು, ಸಿಕ್ಕಿಬಿದ್ದರೆ ಸೇರಿದ ಮೇಲೂ ಕೆಲಸ ಹೋಗಬಹುದು.

ಒಂದು ಮಿತಿಯೂ ಇದೆ. ವಿಶಾಖಪಟ್ಟಣದ ಔಷಧ ಉದ್ಯಮದಲ್ಲಿ ಜನ ಒಂದು ಕಾರ್ಖಾನೆಯಿಂದ ಇನ್ನೊಂದಕ್ಕೆ ಹೋಗುತ್ತ ಬರುತ್ತ ಇರುತ್ತಾರೆ, ಎಲ್ಲರಿಗೂ ಎಲ್ಲರೂ ಗೊತ್ತು. ನೀವು ಯಾರ ಹೆಸರನ್ನೂ ಕೊಡದಿದ್ದರೂ ಹೊಸ ಕಂಪನಿಯ ಯಾರೋ ಒಬ್ಬರು ಹಳೆಯ ಮ್ಯಾನೇಜರ್‌ಗೆ ತಾವಾಗಿಯೇ ಫೋನ್ ಮಾಡಿ “ಈ ಹುಡುಗಿ ಹೇಗೆ?” ಎಂದು ವಿಚಾರಿಸಬಹುದು. ಅದನ್ನು ತಡೆಯಲು ನಮ್ಮ ಕೈಲಿ ಆಗದು. ಆದರೆ ಅಂಥ ಕರೆ ಬಂದಾಗ ಮ್ಯಾನೇಜರ್ ಮನಸ್ಸಿನಲ್ಲಿ ಇರುವುದು ಗುರುವಾರದವರೆಗೆ ಕಾದು ಒತ್ತಾಯ ಮಾಡದೆ ಸುಮ್ಮನಾದ ಹುಡುಗಿಯೋ, ಎಂಟು ಸಲ ಫೋನ್ ಮಾಡಿ ಒಪ್ಪಿಸಿಕೊಂಡ ಹುಡುಗಿಯೋ ಎಂಬುದು ಇವಳ ಕೈಯಲ್ಲೇ ಇದೆ.

ಫಲಿತಾಂಶ ಬಂದ ದಿನ, ಮಾತಾಡಿದ ಇಬ್ಬರಿಗೂ ತಿಳಿಸಬೇಕು. ಕೆಲಸ ಸಿಕ್ಕದಿದ್ದರೂ ತಿಳಿಸಬೇಕು, ಏಕೆಂದರೆ ತಮ್ಮ ಮಾತಿನಿಂದ ಏನಾಯಿತು ಎಂದು ಅವರಿಗೂ ಕುತೂಹಲ ಇರುತ್ತದೆ. ಸಿಕ್ಕಿದ್ದರೆ, ಮಾಡುಗುಲ ಹಲ್ವದ ಡಬ್ಬಿಯನ್ನು ಈಗ ಕೊರಿಯರ್ ಮಾಡಬಹುದು.